ಫೋನ್ ಎಣಿಸುವುದು ಒಬ್ಬರನ್ನು, ಟಿವಿ ಎಣಿಸುವುದು ಕೋಣೆಯನ್ನು

ಉತ್ತರ ದೆಹಲಿಯ ಮುಖರ್ಜಿ ನಗರ ನಾಗರಿಕ ಸೇವಾ ಪರೀಕ್ಷೆಗೆ ಓದುವವರ ಬಡಾವಣೆ. ಅದರಲ್ಲೂ ಹಿಂದಿ ಮಾಧ್ಯಮದವರ ದೊಡ್ಡ ನೆಲೆ. ವಿಕಾಸ್ ದಿವ್ಯಕೀರ್ತಿ 1999ರಲ್ಲಿ ದೃಷ್ಟಿ ಐಎಎಸ್ ಶುರುಮಾಡಿದ್ದು ಇಲ್ಲಿಯೇ. ಬತ್ರಾ ಸಿನಿಮಾದ ಆಸುಪಾಸಿನ ಕೋಚಿಂಗ್ ಕಟ್ಟಡಗಳು, ನೆಹರು ವಿಹಾರ ಮತ್ತು ಗಾಂಧಿ ವಿಹಾರದ ಪಿ.ಜಿ. ಕೋಣೆಗಳು, ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಓದುವ ಲೈಬ್ರರಿಗಳು ಎಲ್ಲವೂ ಈ ಒಂದು ಪರೀಕ್ಷೆಯ ಸುತ್ತ ಬೆಳೆದವು. ಒಂದು ಕಾಲಕ್ಕೆ ಇಲ್ಲಿನ ಪಾಠ ಕೇಳಬೇಕೆಂದರೆ ರೈಲು ಹತ್ತಿ ಇಲ್ಲಿಗೇ ಬರಬೇಕಿತ್ತು. ಈಗ ಆ ಪಾಠಗಳಲ್ಲಿ ಬಹಳಷ್ಟು ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸಂವಿಧಾನದ ಒಂದು ವಿಧಿಯ ಮೇಲೆ, ಬಜೆಟ್ಟಿನ ಮೇಲೆ, ಒಂದು ದಿನದ ಪತ್ರಿಕೆಯ ಮೇಲೆ ಗಂಟೆಗಟ್ಟಲೆ ನಡೆಯುವ ಉಪನ್ಯಾಸಗಳವು. ಅವನ್ನು ಪಿ.ಜಿ. ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಫೋನಿನಲ್ಲಿ ನೋಡುವವರಿದ್ದಾರೆ. ನಾಲ್ಕಾರು ಮಂದಿ ಸೇರಿ ಗೋಡೆಯ ಸ್ಮಾರ್ಟ್ ಟಿವಿಯಲ್ಲಿ ನೋಡುವವರೂ ಇದ್ದಾರೆ. ಪಾಠ ಒಂದೇ, ಮೇಷ್ಟ್ರು ಒಬ್ಬರೇ. ಆದರೆ ಆ ಪಾಠದ ನಡುವೆ ಬರುವ ಜಾಹೀರಾತು, ಅದು ಮುಗಿದ ಮೇಲೆ ಎದುರಿಗೆ ಬರುವ ಮುಂದಿನ ವಿಡಿಯೊ, ಅದನ್ನು ಮಾಡಿದವರ ಖಾತೆಗೆ ಜಮೆಯಾಗುವ ವೀಕ್ಷಣಾ ಸಮಯ, ಈ ಮೂರೂ ಪರದೆಯಿಂದ ಪರದೆಗೆ ಬೇರೆಯಾಗುತ್ತವೆ.

ಬೇರೆಯಾಗುವುದರ ಮೂಲ ಪರದೆಯ ಅಳತೆಯಲ್ಲಿಲ್ಲ. ಫೋನು ಒಬ್ಬರ ಕೈಯಲ್ಲಿರುವ ವಸ್ತು, ಟಿವಿ ಒಂದು ಕೋಣೆಗೆ ಸೇರಿದ ವಸ್ತು. ಫೋನಿನ ಪರದೆ ಉರಿಯುತ್ತಿದ್ದರೆ ಅದರ ಮುಂದೆ ಒಬ್ಬರು ಇದ್ದಾರೆ, ಆ ಒಬ್ಬರು ಖಾತೆಯ ಒಡೆಯರೇ ಎಂದು ನಂಬಲು ಸಾಕಷ್ಟು ಕಾರಣವಿದೆ. ಟಿವಿಯ ಮುಂದೆ ಒಬ್ಬರಿರಬಹುದು, ಆರು ಮಂದಿ ಇರಬಹುದು, ಯಾರೂ ಇಲ್ಲದಿರಬಹುದು. ಈ ವ್ಯತ್ಯಾಸವನ್ನು ಜಾಹೀರಾತು ವ್ಯವಸ್ಥೆ ಬಹುಬೇಗ ಅರಿತುಕೊಂಡಿತು; ಶಿಫಾರಸು ವ್ಯವಸ್ಥೆ ಅರ್ಧ ಅರಿತುಕೊಂಡಿದೆ; ವೀಕ್ಷಣಾ ಸಮಯದ ಎಣಿಕೆ ಮಾತ್ರ ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಕೂಡಿಸುತ್ತಿದೆ. ಈ ಕೂಡಿಕೆ ತಪ್ಪು, ಪಾಠ ಹೇಳುವಂಥ ಚಾನೆಲ್‌ಗಳಿಗೆ ಅದರಿಂದ ನಿಜವಾದ ನಷ್ಟವಾಗುತ್ತದೆ ಎಂಬುದು ನನ್ನ ವಾದ.

ಮೊದಲು ಜಾಹೀರಾತು. ಫೋನಿನ ಜಾಹೀರಾತು ಬೆರಳನ್ನು ನಂಬಿ ಕಟ್ಟಿದ್ದು. ವಿಡಿಯೊ ಕೆಳಗೆ ಒಂದು ಗುಂಡಿ ಇರುತ್ತದೆ, ಮುಟ್ಟಿದರೆ ಆ್ಯಪ್ ಇಳಿಯುತ್ತದೆ, ಇಲ್ಲವೇ ಟೆಸ್ಟ್ ಸೀರೀಸ್‌ಗೆ ಹೆಸರು ನೋಂದಾಯಿಸುವ ಪುಟ ತೆರೆಯುತ್ತದೆ. ಒಂದು ಕೋಚಿಂಗ್ ಸಂಸ್ಥೆ ಜಾಹೀರಾತಿಗೆ ಹಣ ಹಾಕಿದರೆ ಎಷ್ಟು ಮಂದಿ ಮುಟ್ಟಿದರು, ಅವರಲ್ಲಿ ಎಷ್ಟು ಮಂದಿ ಶುಲ್ಕ ಕಟ್ಟಿದರು ಎಂದು ಲೆಕ್ಕ ಹಾಕಬಹುದು. ಟಿವಿಯಲ್ಲಿ ಮುಟ್ಟುವುದಕ್ಕೇ ಏನೂ ಇಲ್ಲ. ಅಲ್ಲಿ ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಬರುತ್ತದೆ, ಇಲ್ಲವೇ ಕೊಂಡಿಯನ್ನು ಫೋನಿಗೆ ಕಳಿಸಿಕೊಳ್ಳಿ ಎಂಬ ಸೂಚನೆ ಬರುತ್ತದೆ. ಸೋಫಾದಿಂದ ಎದ್ದು ಫೋನ್ ತೆಗೆದು ಕ್ಯಾಮೆರಾ ಹಿಡಿಯುವಷ್ಟರಲ್ಲಿ ಜಾಹೀರಾತು ಮುಗಿದಿರುತ್ತದೆ. ಆದ್ದರಿಂದ ಟಿವಿಗೆ ಬರುವ ಜಾಹೀರಾತು ಈಗಲೇ ಕೊಳ್ಳಿ ಎನ್ನುವುದಕ್ಕಿಂತ ಹೆಸರು ನೆನಪಿಡಿ ಎನ್ನುವ ಹಳೆಯ ದೂರದರ್ಶನದ ದಾರಿಗೆ ಮರಳಿತು. 2023ರ ಮೇ ತಿಂಗಳಲ್ಲಿ ಯೂಟ್ಯೂಬ್ ಟಿವಿ ಪರದೆಗೆಂದು 30 ಸೆಕೆಂಡಿನ, ಸ್ಕಿಪ್ ಮಾಡಲಾಗದ ಜಾಹೀರಾತನ್ನು ಪ್ರಕಟಿಸಿತು. ಅದುವರೆಗೆ ಒಂದರ ಹಿಂದೊಂದು 15 ಸೆಕೆಂಡಿನ ಎರಡು ಜಾಹೀರಾತು ಬರುತ್ತಿದ್ದ ಜಾಗವನ್ನು ಅದು ತುಂಬಿತು. ಅದೇ ವರ್ಷ, ದೀರ್ಘ ವಿಡಿಯೊಗಳ ನಡುವೆ ಮತ್ತೆ ಮತ್ತೆ ಬರುವ ಸಣ್ಣ ಬಿಡುವುಗಳನ್ನು ಒಟ್ಟುಮಾಡಿ, ಟಿವಿಯಲ್ಲಿ ಕಡಿಮೆ ಸಲ ಆದರೆ ಹೆಚ್ಚು ಹೊತ್ತು ಜಾಹೀರಾತು ತೋರಿಸುವ ಪ್ರಯೋಗವನ್ನೂ ಮಾಡಿತು. ಜಾಹೀರಾತುಗಳು ಅಲ್ಲಲ್ಲಿ ಚೆದುರುವ ಬದಲು ಒಟ್ಟಿಗೆ ಬಂದರೆ ಮೇಲು ಎಂದು ನೋಡುಗರಲ್ಲಿ ಶೇ. 79 ಮಂದಿ ಹೇಳಿದರೆಂಬುದು ಕಂಪನಿ ಕೊಟ್ಟ ಸಮರ್ಥನೆ.

ಪಾಠ ನೋಡುವವರಿಗೆ ಈ ಬದಲಾವಣೆ ಒಂದು ಕಡೆ ಅನುಕೂಲವೇ. ಎರಡು ಗಂಟೆಯ ಉಪನ್ಯಾಸದಲ್ಲಿ ಮೇಷ್ಟ್ರು ಮೂಲಭೂತ ಹಕ್ಕುಗಳ ಒಂದು ಸೂಕ್ಷ್ಮ ಬಿಡಿಸುತ್ತಿರುವಾಗ ನಡುವೆ ಕತ್ತರಿ ಬೀಳುವುದು ಕಡಿಮೆಯಾದರೆ ಒಳ್ಳೆಯದೇ. ಆದರೆ ಅದೇ ಪಾಠಕ್ಕೆ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ಟಿವಿಯಲ್ಲಿ ವಿಡಿಯೊ ನಿಲ್ಲಿಸಿದಾಗ ಚಿತ್ರ ಕಿರಿದಾಗಿ ಪಕ್ಕದಲ್ಲಿ ಜಾಹೀರಾತು ತೋರಿಸುವ ಪದ್ಧತಿಯನ್ನು ಯೂಟ್ಯೂಬ್ 2023ರಲ್ಲಿ ಪರೀಕ್ಷಿಸಿ 2024ರಲ್ಲಿ ವ್ಯಾಪಕಗೊಳಿಸಿತು. ಸಿನಿಮಾ ನೋಡುವವರು ನೀರು ಕುಡಿಯಲು ಎದ್ದಾಗ ನಿಲ್ಲಿಸುತ್ತಾರೆ, ಆಗ ಪರದೆಯ ಮೇಲೆ ಏನಿದ್ದರೂ ಅವರಿಗೆ ನಷ್ಟವಿಲ್ಲ. ಪರೀಕ್ಷೆಗೆ ಓದುವವರು ನಿಲ್ಲಿಸುವುದು ಪರದೆಯ ಮೇಲಿರುವುದನ್ನು ಬರೆದುಕೊಳ್ಳಲು. ಬೋರ್ಡಿನ ಮೇಲಿನ ಕೋಷ್ಟಕವನ್ನೋ ಭೂಪಟವನ್ನೋ ನೋಟ್ಸಿಗೆ ಇಳಿಸುವ ಹೊತ್ತಿನಲ್ಲೇ ಅದು ಕಿರಿದಾಗುತ್ತದೆ. ಮನರಂಜನೆಯ ವಿಡಿಯೊವನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಿದ ಜಾಹೀರಾತು ಪಾಠಕ್ಕೆ ಹೇಗೆ ಅಡ್ಡಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಜಾಹೀರಾತಿನ ಹಣದ ಲೆಕ್ಕವೂ ಪರದೆಗೆ ತಕ್ಕಂತೆ ಬೇರೆ ಅರ್ಥ ಪಡೆಯುತ್ತದೆ. ಸ್ಕಿಪ್ ಮಾಡಬಹುದಾದ ಜಾಹೀರಾತಿನಲ್ಲಿ ಐದು ಸೆಕೆಂಡಿನ ಬಳಿಕ ದಾಟಬಹುದು. ವೀಕ್ಷಣೆಗೆ ಇಷ್ಟೆಂದು ಹಣ ಕಟ್ಟುವ ಒಪ್ಪಂದದಲ್ಲಿ, ನೋಡುಗರು 30 ಸೆಕೆಂಡು ನೋಡಿದರೆ, ಜಾಹೀರಾತು ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿ ನೋಡಿದರೆ, ಅಥವಾ ಅದನ್ನು ಮುಟ್ಟಿದರೆ ಮಾತ್ರ ಜಾಹೀರಾತುದಾರರು ಹಣ ಕೊಡಬೇಕು. ಫೋನಿನಲ್ಲಿ ಹೆಬ್ಬೆರಳು ಆ ಗುಂಡಿಯ ಮೇಲೇ ಇರುತ್ತದೆ. ಆದ್ದರಿಂದ ದಾಟದೆ ನೋಡಿದವರು ಸ್ವಲ್ಪವಾದರೂ ಆಸಕ್ತಿಯಿಂದ ನೋಡಿದರೆನ್ನಬಹುದು. ಟಿವಿಯಲ್ಲಿ ರಿಮೋಟು ಟೀಪಾಯಿಯ ಮೇಲೋ ಪಕ್ಕದವರ ಕೈಯಲ್ಲೋ ಇರುತ್ತದೆ. ಕೈಯಲ್ಲಿ ಪೆನ್ನು, ತೊಡೆಯ ಮೇಲೆ ನೋಟ್‌ಬುಕ್ ಇರುವವರು ರಿಮೋಟು ಹುಡುಕುವಷ್ಟರಲ್ಲಿ 30 ಸೆಕೆಂಡು ಕಳೆದಿರುತ್ತದೆ. ಟಿವಿಯಲ್ಲಿ ಜಾಹೀರಾತನ್ನು ಕೊನೆತನಕ ನೋಡುವವರ ಪ್ರಮಾಣ ಹೆಚ್ಚು ಎಂದು ಉದ್ಯಮ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆ ಹೆಚ್ಚಳದಲ್ಲಿ ಗಮನದ ಪಾಲೆಷ್ಟು, ರಿಮೋಟು ದೂರವಿದ್ದುದರ ಪಾಲೆಷ್ಟು ಎಂಬುದನ್ನು ಆ ಅಂಕಿ ತಾನಾಗಿ ಹೇಳುವುದಿಲ್ಲ.

ಇನ್ನು ಮುಖರ್ಜಿ ನಗರದಂಥ ಕಡೆ ಮಾತ್ರ ಕಾಣುವ ಒಂದು ತೊಡಕು. ಟಿವಿಯಲ್ಲಿ ಖಾತೆಗೆ ಲಾಗಿನ್ ಆಗದೆ ನಡೆಯುವ ಆ್ಯಪ್‌ಗಳು ಬಹಳ. ಅಂಥಲ್ಲಿ ಜಾಹೀರಾತು ಕಂಪನಿಗಳು ಮನೆಯನ್ನು ಗುರುತಿಸಲು ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸವನ್ನು ನೆಚ್ಚುತ್ತವೆ. ಒಂದೇ ವಿಳಾಸದಿಂದ ಬರುವ ಟಿವಿ, ಫೋನು, ಲ್ಯಾಪ್‌ಟಾಪುಗಳೆಲ್ಲ ಒಂದೇ ಕುಟುಂಬದ್ದು ಎಂಬ ಊಹೆ ಅದರ ಹಿಂದಿದೆ. ಒಂದು ಸಾಮಾನ್ಯ ಮನೆಯಲ್ಲಿ ಈ ಊಹೆ ಹೆಚ್ಚುಕಮ್ಮಿ ಸರಿ. ಆದರೆ ಪಿ.ಜಿ. ಕಟ್ಟಡದಲ್ಲಿ ಮಾಲೀಕರು ಹಾಕಿಸಿದ ಒಂದು ವೈಫೈಗೆ ಬಿಹಾರದವರು, ರಾಜಸ್ಥಾನದವರು, ಉತ್ತರ ಪ್ರದೇಶದವರು, ಅಪರೂಪಕ್ಕೆ ಬೀದರ್ ಕಡೆಯವರು ಸೇರಿ ಮೂರು ಮಹಡಿಯ ಜನ ಅಂಟಿಕೊಂಡಿರುತ್ತಾರೆ. ಅವರೆಲ್ಲ ಯಂತ್ರದ ಕಣ್ಣಿಗೆ ಒಂದು ದೊಡ್ಡ ಮನೆ. ಒಂದು ಮನೆಗೆ ದಿನಕ್ಕೆ ಮೂರು ಸಲ ಮಾತ್ರ ಈ ಜಾಹೀರಾತು ತೋರಿಸಿ ಎಂಬ ಮಿತಿ ಹಾಕಿದರೆ ಆ ಮೂರೂ ಮೊದಲ ಮಹಡಿಯಲ್ಲೇ ಖರ್ಚಾಗಬಹುದು. ಒಬ್ಬ ಹುಡುಗ ತನ್ನ ಫೋನಿನಲ್ಲಿ ಐಚ್ಛಿಕ ವಿಷಯದ ಪುಸ್ತಕ ಹುಡುಕಿದ್ದರ ಜಾಹೀರಾತು ಇನ್ನೊಬ್ಬನ ಕೋಣೆಯ ಟಿವಿಯಲ್ಲಿ ಕಾಣಿಸಬಹುದು.

ಶಿಫಾರಸಿನ ಕಡೆ ತಿರುಗೋಣ. ಯೂಟ್ಯೂಬಿನ ಶಿಫಾರಸು ಹೇಗೆ ನಡೆಯುತ್ತದೆ ಎಂಬುದಕ್ಕೆ ಗೂಗಲ್ ಎಂಜಿನಿಯರುಗಳೇ ಬರೆದ ಎರಡು ಪ್ರಬಂಧಗಳು ಸಾರ್ವಜನಿಕವಾಗಿ ಸಿಗುತ್ತವೆ. 2016ರ ಪ್ರಬಂಧ ಕೆಲಸವನ್ನು ಎರಡು ಹಂತದಲ್ಲಿ ವಿವರಿಸುತ್ತದೆ: ಲಕ್ಷಾಂತರ ವಿಡಿಯೊಗಳಿಂದ ಕೆಲವು ನೂರನ್ನು ಆರಿಸುವುದು ಮೊದಲನೆಯದು, ಅವನ್ನು ಈ ನೋಡುಗ ಎಷ್ಟು ಹೊತ್ತು ನೋಡಿಯಾನು ಎಂಬ ಅಂದಾಜಿನ ಮೇಲೆ ಸಾಲಾಗಿ ಜೋಡಿಸುವುದು ಎರಡನೆಯದು. ಆ ಲೆಕ್ಕಕ್ಕೆ ಒದಗಿಸುವ ಮಾಹಿತಿಯಲ್ಲಿ ನೋಡುಗರ ಪ್ರದೇಶದ ಜೊತೆಗೆ ಅವರ ಸಾಧನ ಯಾವುದು ಎಂಬುದೂ ಇದೆ. 2019ರ ಪ್ರಬಂಧ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೇಲೆ ಕಾಣಿಸಿದ ವಿಡಿಯೊವನ್ನು ಜನ ಅದು ಮೇಲಿದೆ ಎಂಬ ಕಾರಣಕ್ಕೇ ಆರಿಸುತ್ತಾರೆ. ಅದನ್ನು ಇಷ್ಟವೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಈ ಸ್ಥಾನಪ್ರಭಾವ ಸಾಧನದಿಂದ ಸಾಧನಕ್ಕೆ ಬೇರೆಯಾದ್ದರಿಂದ ಅದನ್ನು ಸರಿಪಡಿಸುವ ಭಾಗಕ್ಕೆ ಸಾಧನದ ವಿವರವನ್ನೂ ಕೊಡಬೇಕು ಎಂದು ಅವರು ಬರೆದರು. ರಿಮೋಟು ಹಿಡಿದವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಫೋನಿನಲ್ಲಿ ಒಂದು ಸಲ ಬೆರಳು ಎಳೆದರೆ ಹತ್ತು ವಿಡಿಯೊ ಕಣ್ಣ ಮುಂದೆ ಹಾಯುತ್ತವೆ. ಟಿವಿಯಲ್ಲಿ ಒಂದೊಂದು ಚೌಕಕ್ಕೂ ಒಂದೊಂದು ಸಲ ಗುಂಡಿ ಒತ್ತಬೇಕು. ಹೆಸರು ಟೈಪ್ ಮಾಡಿ ಹುಡುಕುವುದಂತೂ ಅಕ್ಷರಕ್ಕೆ ನಾಲ್ಕು ಒತ್ತು ಬೇಡುವ ಕೆಲಸ. ಆದ್ದರಿಂದ ಟಿವಿಯಲ್ಲಿ ಹುಡುಕಿ ನೋಡುವುದು ಕುಗ್ಗುತ್ತದೆ, ಮೊದಲ ಸಾಲಿನಲ್ಲಿ ಬಂದದ್ದನ್ನು ನೋಡುವುದು ಹಿಗ್ಗುತ್ತದೆ. ಆಗಲೇ ಹೆಸರಾದ ದೊಡ್ಡ ಚಾನೆಲ್ಲಿಗೆ ಇದು ಲಾಭ. ವಿಷಯದ ಹೆಸರಿನಿಂದ ಹುಡುಕಿದಾಗ ಮಾತ್ರ ಕೈಗೆ ಸಿಗುವ ಸಣ್ಣ ಮೇಷ್ಟ್ರ ಚಾನೆಲ್ಲಿಗೆ ನಷ್ಟ.

ಸಾಧನ ಯಾವುದೆಂದು ಯಂತ್ರಕ್ಕೆ ಗೊತ್ತು ಸರಿ, ಮುಂದೆ ಕೂತವರು ಯಾರೆಂದು ಗೊತ್ತಿಲ್ಲ. ಶಿಫಾರಸು ವ್ಯವಸ್ಥೆ ಅರ್ಧ ಮಾತ್ರ ಅರಿತುಕೊಂಡಿದೆ ಎಂದದ್ದು ಅದಕ್ಕೇ. ಕಲಬುರಗಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಓದಲು ದೆಹಲಿಗೆ ಹೋಗುವ ಮೊದಲು ಮನೆಗೆ ಸ್ಮಾರ್ಟ್ ಟಿವಿ ಬಂತು. ಅದಕ್ಕೆ ಲಾಗಿನ್ ಆಗಲು ಸುಲಭವಾಗಿ ಸಿಕ್ಕಿದ್ದು ಅವಳ ಜಿಮೇಲ್ ಖಾತೆ. ಅವಳು ಮುಖರ್ಜಿ ನಗರಕ್ಕೆ ಬಂದ ಮೇಲೂ ಮನೆಯ ಟಿವಿ ಅದೇ ಖಾತೆಯಲ್ಲಿ ನಡೆಯುತ್ತದೆ. ಬೆಳಿಗ್ಗೆ ಅವ್ವ ವಚನ ಹಾಕುತ್ತಾಳೆ, ಮಧ್ಯಾಹ್ನ ಅಡುಗೆ ವಿಡಿಯೊ, ಸಂಜೆ ತಮ್ಮ ಕ್ರಿಕೆಟ್ ತುಣುಕು ನೋಡುತ್ತಾನೆ, ರಾತ್ರಿ ಅಪ್ಪ ಸುದ್ದಿ ಚರ್ಚೆಗೆ ಕೂರುತ್ತಾರೆ. ಇವೆಲ್ಲ ಒಂದೇ ವೀಕ್ಷಣಾ ಇತಿಹಾಸಕ್ಕೆ ಸೇರುತ್ತವೆ. ದೆಹಲಿಯಲ್ಲಿ ಅವಳು ಭಾರತೀಯ ರಾಜಕೀಯ ವ್ಯವಸ್ಥೆಯ ಪಾಠಕ್ಕೆಂದು ಫೋನ್ ತೆರೆದರೆ ಅಡುಗೆಯೂ ಕ್ರಿಕೆಟ್ಟೂ ಮೊದಲ ಪುಟಕ್ಕೆ ಬಂದು ಕೂತಿರುತ್ತವೆ. ಅತ್ತ ಅವ್ವನ ಟಿವಿಯಲ್ಲಿ ಪಂಚಾಯತ್ ರಾಜ್ ಕಾಯ್ದೆಯ ಹಿಂದಿ ಉಪನ್ಯಾಸ. 2016ರ ಪ್ರಬಂಧದಲ್ಲಿ ಇನ್ನೊಂದು ವಿವರವಿದೆ: ಹೆಚ್ಚು ನೋಡುವವರ ಅಭಿರುಚಿಯೇ ಯಂತ್ರವನ್ನು ಆಳಬಾರದೆಂದು, ಕಲಿಕೆಗೆ ಬಳಸುವ ಉದಾಹರಣೆಗಳನ್ನು ಬಳಕೆದಾರರಿಗೆ ಇಷ್ಟೇ ಎಂದು ನಿಗದಿ ಮಾಡಿ ಎಲ್ಲರಿಗೂ ಸಮ ತೂಕ ಕೊಟ್ಟರು. ಒಳ್ಳೆಯ ನ್ಯಾಯವೇ. ಆದರೆ ಯಂತ್ರಕ್ಕೆ ಬಳಕೆದಾರ ಎಂದರೆ ಖಾತೆ. ಐದು ಜನರ ಮನೆ ಒಂದು ಖಾತೆಯಲ್ಲಿ ನೋಡಿದರೆ ಐವರಿಗೂ ಸೇರಿ ಒಬ್ಬರ ತೂಕ, ಆ ಒಬ್ಬರ ರುಚಿಯೋ ನಿಜದಲ್ಲಿ ಯಾರ ರುಚಿಯೂ ಅಲ್ಲದ ಒಂದು ಮಿಶ್ರಣ.

ಟಿವಿಯಲ್ಲಿ ಬೇರೆ ಬೇರೆ ಖಾತೆ ಇಡಬಹುದಲ್ಲ, ಅತಿಥಿ ಎಂಬ ಆಯ್ಕೆಯೂ ಇದೆಯಲ್ಲ ಎಂದು ಕೇಳಬಹುದು. ಇದೆ. ಬಳಸುವವರಿಗೆ ಅದು ಖಂಡಿತ ಪರಿಹಾರ. ಮೇಲಿನ ಮನೆಯವರು ಟಿವಿಗೆ ಬೇರೊಂದು ಖಾತೆ ಹಾಕಿದರೆ ಮಗಳ ಫೋನು ಕೆಲವು ವಾರಗಳಲ್ಲಿ ದಾರಿಗೆ ಬರುತ್ತದೆ, ಇತಿಹಾಸದ ಪುಟದಲ್ಲಿ ತಾನು ನೋಡದ ವಿಡಿಯೊಗಳನ್ನು ಅಳಿಸಿದರೆ ಇನ್ನೂ ಬೇಗ. ಆದರೆ ಫೋನಿನಲ್ಲಿ ಏನೂ ಮಾಡದೆಯೇ ಸರಿಯಾಗಿರುವ ವ್ಯವಸ್ಥೆ, ಟಿವಿಯಲ್ಲಿ ಪ್ರತಿ ಸಲ ಮನೆಯವರು ನೆನಪಿಟ್ಟು ಖಾತೆ ಬದಲಿಸಿದರೆ ಮಾತ್ರ ಸರಿಯಾಗುತ್ತದೆ. ಮತ್ತು ನಾಲ್ವರು ಒಟ್ಟಿಗೆ ಕೂತು ನೋಡುವಾಗ ಯಾರ ಖಾತೆ ಆರಿಸಿದರೂ ಉಳಿದ ಮೂವರು ಲೆಕ್ಕದಿಂದ ಹೊರಗೇ.

ಈಗ ಎಣಿಕೆಗೆ ಬರೋಣ. 2012ರಲ್ಲಿ ಯೂಟ್ಯೂಬ್ ಬರಿಯ ವೀಕ್ಷಣೆಗಳ ಸಂಖ್ಯೆಯ ಬದಲು ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಮಹತ್ವ ಕೊಡಲಾರಂಭಿಸಿತು. ಆಕರ್ಷಕ ತಲೆಬರಹ ಕೊಟ್ಟು ಕ್ಲಿಕ್ ಮಾಡಿಸಿ ಒಳಗೆ ಏನೂ ಕೊಡದವರನ್ನು ತಡೆಯುವುದು ಅದರ ಉದ್ದೇಶವಾಗಿತ್ತು, ಫೋನಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೂ ಆಗಿತ್ತು. ಒಂದು ಚಾನೆಲ್ ದೀರ್ಘ ವಿಡಿಯೊಗಳ ದಾರಿಯಲ್ಲಿ ಜಾಹೀರಾತು ಆದಾಯದ ಪಾಲು ಪಡೆಯಬೇಕಾದರೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು ಎಂಬ ನಿಯಮವೂ ಇದೇ ಅಳತೆಗೋಲಿನದು. ಫೋನಿನ ಗಂಟೆ, ಟಿವಿಯ ಗಂಟೆ ಎಂಬ ಭೇದ ಆ 4,000ದಲ್ಲಿ ಇಲ್ಲ.

ಒಂದು ಲೆಕ್ಕ ಹಾಕಿ ನೋಡಿದರೆ ಭೇದ ಎಲ್ಲಿದೆ ಎಂದು ಕಾಣುತ್ತದೆ. ಮುಖರ್ಜಿ ನಗರದ ಒಬ್ಬ ಸಣ್ಣ ಮೇಷ್ಟ್ರು 40 ನಿಮಿಷದ ಒಂದು ಪಾಠ ಹಾಕಿದ್ದಾರೆಂದು ಇಟ್ಟುಕೊಳ್ಳೋಣ. ಆರು ವಿದ್ಯಾರ್ಥಿಗಳು ಅದನ್ನು ತಂತಮ್ಮ ಫೋನಿನಲ್ಲಿ ಪೂರ್ತಿ ನೋಡಿದರೆ ಆರು ವೀಕ್ಷಣೆ, 240 ನಿಮಿಷ. ಅದೇ ಆರು ಮಂದಿ ಪಿ.ಜಿ. ಹಾಲಿನ ಟಿವಿಯ ಮುಂದೆ ಕೂತು, ನಡುವೆ ಚರ್ಚೆ ಮಾಡುತ್ತ, ಫೋನಿಗಿಂತ ಹೆಚ್ಚಿನ ಗಮನದಿಂದ ನೋಡಿದರೂ ಒಂದು ವೀಕ್ಷಣೆ, 40 ನಿಮಿಷ. ಪಾಠ ಮುಗಿದು ಊಟಕ್ಕೆ ಎದ್ದರು. ಟಿವಿಯನ್ನು ಅದರ ರಿಮೋಟಿನಿಂದ ಆರಿಸಿದರು. ಆದರೆ ಯೂಟ್ಯೂಬ್ ನಡೆಯುತ್ತಿದ್ದುದು ಟಿವಿಯ ಹಿಂಬದಿಗೆ ಸಿಕ್ಕಿಸಿದ ಸ್ಟಿಕ್ಕಿನಲ್ಲಿ. ಪರದೆ ಆರಿದ ಸುದ್ದಿ ಸ್ಟಿಕ್ಕಿಗೆ ತಲುಪಲಿಲ್ಲ. ಅದು ತನ್ನ ಪಾಡಿಗೆ ಮುಂದಿನ ಮೂರು ಪಾಠಗಳನ್ನು ಆಟೊಪ್ಲೇಯಲ್ಲಿ ಓಡಿಸಿತು. ಒಂದೊಂದೂ 40 ನಿಮಿಷ, ಒಟ್ಟು 120. ಈಗ ಲೆಕ್ಕದಲ್ಲಿ ಆ ಹಾಲಿನಿಂದ ಬಂದದ್ದು 160 ನಿಮಿಷ. ಅದರಲ್ಲಿ ಆರು ಮಂದಿ ಮನಸಿಟ್ಟು ನೋಡಿದ್ದಕ್ಕೆ 40, ಯಾರೂ ಇಲ್ಲದ ಕತ್ತಲೆ ಪರದೆಗೆ 120. ಖಾಲಿ ಕೋಣೆ ಆರು ವಿದ್ಯಾರ್ಥಿಗಳ ಮೂರರಷ್ಟು ತೂಗಿತು.

ಕತ್ತಲೆ ಪರದೆ ಎಂಬುದು ವಾದಕ್ಕೆಂದು ಕಟ್ಟಿದ ಕಲ್ಪನೆಯಲ್ಲ. ಜಾಹೀರಾತು ಸಂಸ್ಥೆ ಗ್ರೂಪ್‌ಎಂ ಮತ್ತು ಅಳತೆಯ ಕಂಪನಿ ಐಸ್ಪಾಟ್ ಸೇರಿ ಅಮೆರಿಕದಲ್ಲಿ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟಿಕ್ಕು, ಗೇಮ್ ಪೆಟ್ಟಿಗೆ ಮುಂತಾದ ಹೊರ ಸಾಧನಗಳ ಮೂಲಕ ಟಿವಿಗೆ ಬಂದ ಜಾಹೀರಾತುಗಳಲ್ಲಿ ಸರಾಸರಿ ಶೇ. 17ರಷ್ಟು ಟಿವಿ ಆರಿದ ಮೇಲೆ ನಡೆದಿದ್ದವು. ಟಿವಿಯೊಳಗೇ ಇರುವ ಆ್ಯಪಿನಲ್ಲಿ ಈ ತೊಂದರೆ ತೀರಾ ಕಡಿಮೆ. ಟಿವಿ ಆರಿದರೆ ಆ್ಯಪೂ ಆರುತ್ತದೆ. ಹೊರ ಸಾಧನಕ್ಕೆ ಎಚ್‌ಡಿಎಂಐ ತಂತಿಯ ಮೂಲಕ ಟಿವಿ ಆರಿತೆಂಬ ಸಂಕೇತ ಹೋಗುವ ವ್ಯವಸ್ಥೆಯೇನೋ ಇದೆ, ಆದರೆ ಎಷ್ಟೋ ಟಿವಿಗಳಲ್ಲಿ ಅದನ್ನು ಆನ್ ಮಾಡಿರುವುದಿಲ್ಲ, ಎಷ್ಟೋ ಆ್ಯಪುಗಳು ಅದನ್ನು ಗಮನಿಸುವುದೂ ಇಲ್ಲ. ಕಂಪ್ಯೂಟರಿಗೂ ಫೋನಿಗೂ ಮಾಡಿದ ಅಳತೆಯ ಮಾನದಂಡವೂ ಇಲ್ಲಿ ನೆರವಿಗೆ ಬರುವುದಿಲ್ಲ. ವಿಡಿಯೊ ಜಾಹೀರಾತಿನ ಕನಿಷ್ಠ ಅರ್ಧ ಭಾಗ ಎರಡು ಸೆಕೆಂಡು ಸತತವಾಗಿ ಪರದೆಯ ಮೇಲಿದ್ದರೆ ಅದು ಕಾಣುವಂತಿತ್ತು ಎಂದು ಉದ್ಯಮ ಒಪ್ಪಿಕೊಂಡಿದೆ. ಪುಟ ಕೆಳಗೆ ಸರಿದು ಜಾಹೀರಾತು ಕಣ್ಣಿಗೆ ಬೀಳದೆ ಹೋಗುವ ಫೋನಿಗೆ ಅದು ಅರ್ಥಪೂರ್ಣ ಪರೀಕ್ಷೆ. ಟಿವಿಯಲ್ಲಿ ವಿಡಿಯೊ ಸದಾ ಪೂರ್ಣ ಪರದೆ. ಪರದೆ ಕಪ್ಪಾಗಿದ್ದರೂ ಸ್ಟಿಕ್ಕಿನ ಪಾಲಿಗೆ ಅದು ನೂರಕ್ಕೆ ನೂರು ಕಾಣುವಂತಿದೆ.

ಮೇಷ್ಟ್ರಿಗೆ ಇದು ಗೊತ್ತಾಗುವ ದಾರಿ ಉಂಟೇ? ಸ್ವಲ್ಪ ಮಟ್ಟಿಗೆ ಉಂಟು. ಯೂಟ್ಯೂಬ್ ಸ್ಟುಡಿಯೊದ ವಿಶ್ಲೇಷಣೆಯಲ್ಲಿ ಸಾಧನವಾರು ವಿಂಗಡಣೆ ಇದೆ. ಮೊಬೈಲ್, ಕಂಪ್ಯೂಟರ್, ಟಿವಿ, ಟ್ಯಾಬ್ಲೆಟ್ ಬೇರೆ ಬೇರೆ ಸಿಗುತ್ತವೆ. ನೋಡಬೇಕಾದದ್ದು ನೋಡುಗರು ಎಲ್ಲಿ ಉಳಿದರು, ಎಲ್ಲಿ ಬಿಟ್ಟರು ಎಂದು ತೋರಿಸುವ ಗೆರೆಯನ್ನು. ಪಾಠವನ್ನು ನಿಜವಾಗಿ ಕಲಿಯಲು ನೋಡಿದರೆ ಆ ಗೆರೆ ಏರಿಳಿಯುತ್ತದೆ. ಕಷ್ಟದ ಜಾಗಕ್ಕೆ ಹಿಂದೆ ಹೋಗಿ ಮತ್ತೆ ನೋಡಿದ ಕಡೆ ಉಬ್ಬು, ಗೊತ್ತಿರುವ ಭಾಗವನ್ನು ದಾಟಿಸಿದ ಕಡೆ ತಗ್ಗು. ಮೊದಲಿನಿಂದ ಕೊನೆವರೆಗೆ ಒಂದೇ ಸಮನೆ ಮಲಗಿದ ಗೆರೆಯನ್ನು ಕಂಡರೆ ಎಲ್ಲರೂ ಪೂರ್ತಿ ನೋಡಿದರೆಂದು ಹಿಗ್ಗುವುದು ಸಹಜ. ಟಿವಿಯ ಪಾಲು ಹೆಚ್ಚಿದ್ದು, ನೋಡುಗರು ಬಂದ ಮೂಲ ಹುಡುಕಾಟವಾಗಿರದೆ ಮುಂದಿನ ವಿಡಿಯೊದ ಸರಣಿಯಾಗಿದ್ದು, ಗೆರೆಯೂ ಸಪಾಟಾಗಿದ್ದರೆ ಅಲ್ಲಿ ಕೋಣೆ ಖಾಲಿ ಇದ್ದಿರಬಹುದು, ಇಲ್ಲವೇ ಪಾಠ ಹಿನ್ನೆಲೆಯ ಸದ್ದಾಗಿದ್ದಿರಬಹುದು. ಯಾವ ಸಂಖ್ಯೆಯೂ ಇದನ್ನು ಖಚಿತವಾಗಿ ಸಾಧಿಸುವುದಿಲ್ಲ. ಆದರೆ ಮುಂದಿನ ಪಾಠ ಯಾವುದು ಮಾಡಬೇಕು ಎಂದು ನಿರ್ಧರಿಸುವ ಮೇಷ್ಟ್ರು ಆ ಗೆರೆಯನ್ನು ಟಿವಿಯ ಪಾಲಿನ ಜೊತೆಗಿಟ್ಟು ಓದಿದರೆ ವಿದ್ಯಾರ್ಥಿಗಳು ಎಲ್ಲಿ ತಡವರಿಸಿದರು ಎಂಬುದು ಅದರ ಉಬ್ಬುಗಳಲ್ಲಿ ಕಾಣುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ. ಟಿವಿ ಒಂದು ಕಡೆ ಆರು ಮಂದಿಯನ್ನು ಒಬ್ಬರೆಂದು ಎಣಿಸುತ್ತದೆ, ಇನ್ನೊಂದು ಕಡೆ ಸೊನ್ನೆಯನ್ನು ಒಬ್ಬರೆಂದು ಎಣಿಸುತ್ತದೆ. ಕೋಟಿಗಟ್ಟಲೆ ಟಿವಿಗಳ ಮೊತ್ತದಲ್ಲಿ ಕಡಿಮೆಯೂ ಹೆಚ್ಚೂ ಸರಿದೂಗುವುದಿಲ್ಲವೇ ಎಂಬುದು. ಇಡೀ ವೇದಿಕೆಯ ಮೊತ್ತದಲ್ಲಿ ಸರಿದೂಗಬಹುದು. ಆದರೆ ಹಣವೂ ಶಿಫಾರಸೂ ಹಂಚಿಕೆಯಾಗುವುದು ಚಾನೆಲ್‌ಗಳಿಗೆ. ಎರಡು ತಪ್ಪುಗಳೂ ಎಲ್ಲ ಚಾನೆಲ್‌ಗಳ ಮೇಲೆ ಸಮನಾಗಿ ಬೀಳುವುದಿಲ್ಲ. ಜನ ಹುಡುಕಿ, ಆರಿಸಿ, ಒಟ್ಟಿಗೆ ಕೂತು ನೋಡುವ ವಿಡಿಯೊ ಮೊದಲ ತಪ್ಪಿನಿಂದ ಕಳೆದುಕೊಳ್ಳುತ್ತದೆ. ಒಂದರ ಹಿಂದೊಂದು ತಾನಾಗಿ ಓಡಲು ತಕ್ಕಂತೆ ಮಾಡಿದ, ಹಿನ್ನೆಲೆಗೆ ಹಾಕಿ ಬಿಡಬಹುದಾದ ವಿಡಿಯೊ ಎರಡನೆಯ ತಪ್ಪಿನಿಂದ ಗಳಿಸುತ್ತದೆ. ಠೇವಣಿ ಇಟ್ಟವನಿಗೆ ಕಡಿಮೆ, ಪಕ್ಕದವನಿಗೆ ಹೆಚ್ಚು ಜಮಾ ಮಾಡಿ ಬ್ಯಾಂಕಿನ ಒಟ್ಟು ಲೆಕ್ಕ ಸರಿಯಿದೆ ಎಂದರೆ ಗ್ರಾಹಕ ಒಪ್ಪುವುದಿಲ್ಲ. ಅದರ ಮೇಲೆ, ಶಿಫಾರಸು ಕಲಿಯುವುದೂ ಇದೇ ಸಮಯದ ಅಳತೆಯಿಂದಾದ್ದರಿಂದ ಇವತ್ತಿನ ತಪ್ಪು ಎಣಿಕೆ ನಾಳೆಯ ಮೊದಲ ಸಾಲಿನಲ್ಲಿ ಏನು ಕಾಣಬೇಕು ಎಂಬುದನ್ನೂ ಬಾಗಿಸುತ್ತದೆ.

ಕೋಣೆಯಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯಲು ಯಾವ ಉಪಾಯವೂ ಇಲ್ಲ, ಹಾಗಿರುವಾಗ ದೂರುವುದೇಕೆ ಎಂಬುದು ಇನ್ನೊಂದು ಆಕ್ಷೇಪ. ಉಪಾಯವಿದೆ, ಅದು ಜಾಹೀರಾತುದಾರರಿಗೆ ಸಿಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಟಿವಿಯ ಮುಂದೆ ಒಟ್ಟಿಗೆ ಕೂತು ನೋಡುವವರೆಷ್ಟು ಎಂಬ ಅಂದಾಜನ್ನು ಸಮೀಕ್ಷೆಗಳಿಂದ ತೆಗೆದು, ಗೂಗಲ್ ಕೆಲವು ದೇಶಗಳಲ್ಲಿ ಜಾಹೀರಾತು ಎಷ್ಟು ಜನರನ್ನು ತಲುಪಿತು ಎಂಬ ವರದಿಗೆ ಸೇರಿಸುತ್ತದೆ. ಅಂದರೆ ಒಂದೇ ಹಾಲಿನ ಒಂದೇ ವೀಕ್ಷಣೆ ಜಾಹೀರಾತುದಾರರ ಕಾಗದದಲ್ಲಿ ಒಬ್ಬರಿಗಿಂತ ಹೆಚ್ಚಾಗುತ್ತದೆ, ಪಾಠ ಮಾಡಿದವರ ಕಾಗದದಲ್ಲಿ ಒಬ್ಬರೇ ಆಗಿ ಉಳಿಯುತ್ತದೆ. ಅಂದಾಜು ಜಾಹೀರಾತಿಗೆ ಸಾಕಷ್ಟು ವಿಶ್ವಾಸಾರ್ಹ ಎಂದಾದರೆ ಮೇಷ್ಟ್ರಿಗೂ ಅದನ್ನು ತೋರಿಸಲು ಅಡ್ಡಿಯೇನು? ಹಣದ ಲೆಕ್ಕಕ್ಕೆ ಸೇರಿಸುವುದು ಕಷ್ಟವಿರಬಹುದು, ಗುಣಕವನ್ನು ದುರ್ಬಳಕೆ ಮಾಡುವವರು ಬರಬಹುದು, ಒಪ್ಪುತ್ತೇನೆ. ಪ್ರತ್ಯೇಕ ಅಂಕಣದಲ್ಲಿ ಅಂದಾಜು ಎಂದೇ ಬರೆದು ತೋರಿಸುವುದಕ್ಕೆ ಆ ಕಷ್ಟ ಇಲ್ಲ.

ಹಳೆಯ ಟಿವಿ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತ್ತು. ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಬಾರ್ಕ್ ತನ್ನ ಮಾದರಿ ಮನೆಗಳಲ್ಲಿ ಇಟ್ಟ ಮೀಟರು ಚಾನೆಲ್ಲಿನ ಧ್ವನಿಯಲ್ಲಿ ಅಡಗಿಸಿದ ಗುರುತಿನಿಂದ ಯಾವ ಚಾನೆಲ್ ನಡೆಯುತ್ತಿದೆ ಎಂದು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರೂ ನೋಡಲು ಕೂತಾಗ ತಮ್ಮ ಹೆಸರಿನ ಗುಂಡಿ ಒತ್ತುತ್ತಾರೆ. ಆರು ಮಂದಿ ಕೂತರೆ ಆರು ಮಂದಿಯೇ ಲೆಕ್ಕಕ್ಕೆ ಬರುತ್ತಾರೆ. ಅದರ ದೌರ್ಬಲ್ಯ ಮಾದರಿಯ ಚಿಕ್ಕತನ. 2025ರ ಜುಲೈನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2014ರ ಟಿಆರ್‌ಪಿ ಮಾರ್ಗಸೂಚಿಗೆ ತಿದ್ದುಪಡಿಯ ಕರಡು ಹೊರಡಿಸಿದಾಗ, ಸುಮಾರು 23 ಕೋಟಿ ಟಿವಿ ಮನೆಗಳಿಗೆ ಸುಮಾರು 58 ಸಾವಿರ ಮೀಟರುಗಳಷ್ಟೇ ಇವೆ, ಸ್ಮಾರ್ಟ್ ಟಿವಿ ಮತ್ತು ಸ್ಟ್ರೀಮಿಂಗ್ ಸಾಧನಗಳ ವೀಕ್ಷಣೆ ಈಗಿನ ವ್ಯವಸ್ಥೆಯಲ್ಲಿ ದಾಖಲಾಗುವುದೇ ಇಲ್ಲ ಎಂದು ಹೇಳಿತು. ಒಂದು ವ್ಯವಸ್ಥೆಗೆ ಜನ ಗೊತ್ತು, ಆದರೆ ಮನೆಗಳು ತೀರಾ ಕಡಿಮೆ. ಇನ್ನೊಂದಕ್ಕೆ ಪ್ರತಿಯೊಂದು ಸಾಧನವೂ ಗೊತ್ತು, ಜನ ಗೊತ್ತಿಲ್ಲ. ಸ್ಮಾರ್ಟ್ ಟಿವಿಯನ್ನು ಎಣಿಕೆಗೆ ಸೇರಿಸುವಾಗ ಸಾಧನದ ದತ್ತಾಂಶವನ್ನಷ್ಟೇ ತಂದು ಸುರಿದರೆ ಕತ್ತಲೆ ಪರದೆಗಳೂ ಜೊತೆಗೇ ಬರುತ್ತವೆ. ಗುಂಡಿ ಒತ್ತುವ ಸಣ್ಣ ಮಾದರಿಯನ್ನು ಉಳಿಸಿಕೊಂಡು, ಅದರಿಂದ ತಿಳಿದ ಜೊತೆನೋಟದ ಪ್ರಮಾಣದಿಂದ ಸಾಧನದ ದೊಡ್ಡ ಲೆಕ್ಕವನ್ನು ತಿದ್ದುವುದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ಎಣಿಸಲೇಬೇಕೆಂದು ಹೊರಟು ಕೋಣೆಯೊಳಗೆ ಕಣ್ಣಿಡುವ ದಾರಿ ಹಿಡಿಯಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಟಿವಿಗೆ ಕ್ಯಾಮೆರಾ ಇಟ್ಟು ತಲೆ ಎಣಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಒಂಬತ್ತನೆಯ ಪ್ರಕರಣ ಹದಿನೆಂಟು ತುಂಬದವರ ನಡವಳಿಕೆಯ ಮೇಲೆ ನಿಗಾ ಇಡುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ತಡೆಯುತ್ತದೆ. ಕಲಬುರಗಿಯ ಆ ಮನೆಯಲ್ಲಿ ಖಾತೆ ವಯಸ್ಕಳಾದ ಮಗಳದು, ನೋಡುತ್ತಿರುವವನು ಶಾಲೆಗೆ ಹೋಗುವ ತಮ್ಮ. ಖಾತೆಯ ವಯಸ್ಸು ನೋಡಿ ಕೆಲಸ ಮಾಡುವ ವ್ಯವಸ್ಥೆಗೆ ಆ ಹುಡುಗ ಕಾಣುವುದಿಲ್ಲ, ಅವನಿಗೆ ಅಕ್ಕನ ವಯಸ್ಸಿಗೆ ಹೊಂದುವ ಜಾಹೀರಾತೇ ಹೋಗುತ್ತದೆ. ಇದಕ್ಕೆ ಅವನ ಮುಖ ಗುರುತಿಸುವುದು ಪರಿಹಾರವಲ್ಲ. ಹಂಚಿಕೊಂಡ ಟಿವಿಯಲ್ಲಿ ವ್ಯಕ್ತಿಯ ಇತಿಹಾಸ ಹಿಡಿದು ಜಾಹೀರಾತು ಆರಿಸುವುದನ್ನು ಬಿಟ್ಟು, ಆಗ ಓಡುತ್ತಿರುವ ವಿಡಿಯೊದ ವಿಷಯ ಹಿಡಿದು ಆರಿಸಿದರೆ ಸಾಕು. ಸಂವಿಧಾನದ ಪಾಠದ ನಡುವೆ ಪುಸ್ತಕದ್ದೋ ಟೆಸ್ಟ್ ಸೀರೀಸಿನದೋ ಜಾಹೀರಾತು ಬಂದರೆ ಕೋಣೆಯಲ್ಲಿ ಯಾರಿದ್ದರೂ ಅದು ಸಲ್ಲುತ್ತದೆ, ಯಾರ ಖಾತೆಯನ್ನೂ ಕೆದಕಬೇಕಾಗುವುದಿಲ್ಲ.